ಕೊಲೆಸ್ಟ್ರಾಲ್ ಹೊರಹೋಗುವ ದಾರಿಯಲ್ಲಿ ಕರುಳಿನ ಬ್ಯಾಕ್ಟೀರಿಯ

ರಕ್ತಪರೀಕ್ಷೆಯ ವರದಿಯಲ್ಲಿ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್ ಹೆಚ್ಚು ಬಂದವರಿಗೆ ಈಗ ಡಾಕ್ಟರ ಚೀಟಿಯ ಜೊತೆಗೆ ಇನ್ನೊಂದು ಸಲಹೆಯೂ ಸಿಗುತ್ತಿದೆ: ‘ಪ್ರೊಬಯಾಟಿಕ್ ತಗೊಳ್ಳಿ, ಕರುಳು ಸರಿಹೋದರೆ ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತೆ.’ ಪ್ರೊಬಯಾಟಿಕ್ ಎಂದರೆ ಕರುಳಿಗೆ ಒಳ್ಳೆಯದೆಂದು ನುಂಗುವ ಜೀವಂತ ಬ್ಯಾಕ್ಟೀರಿಯ. ಈ ಮಾತಿನ ಹಿಂದೆ ಗಟ್ಟಿಯಾದ ಜೀವರಸಾಯನವಿದೆ. ಅದರಿಂದ ವರದಿಯಲ್ಲಿ ಎಷ್ಟು ಅಂಕಿ ಇಳಿದೀತು ಎಂಬುದು ಬೇರೆ ಪ್ರಶ್ನೆ. ಎರಡಕ್ಕೂ ಉತ್ತರ ಸಿಗುವುದು ಪಿತ್ತರಸದಲ್ಲಿ.

ಇಲ್ಲಿ ಪಿತ್ತ ಎಂದರೆ ‘ಪಿತ್ತ ಏರಿದೆ’ ಎನ್ನುವಾಗಿನ ಪಿತ್ತವಲ್ಲ. ಲಿವರ್ ತಯಾರಿಸಿ, ಪಿತ್ತಕೋಶದಲ್ಲಿ ಕೂಡಿಟ್ಟು, ಊಟವಾದ ಮೇಲೆ ಸಣ್ಣ ಕರುಳಿಗೆ ಬಿಡುವ ಹಳದಿ-ಹಸಿರು ದ್ರವ. ಅದರಲ್ಲಿರುವ ಮುಖ್ಯ ವಸ್ತುವೇ ಪಿತ್ತಾಮ್ಲ.

## ಕೊಲೆಸ್ಟ್ರಾಲಿನಿಂದ ಮಾಡಿದ ಸೋಪು

ಅಂಟುವಾಳದ ನೊರೆ ಎಣ್ಣೆಜಿಡ್ಡನ್ನು ನೀರಿನಲ್ಲಿ ಬಿಡಿಸುವಂತೆ, ಪಿತ್ತಾಮ್ಲ ಊಟದ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದು ಕರುಳಿನ ನೀರಿನಲ್ಲಿ ತೇಲಿಸುತ್ತದೆ. ಒಂದು ತುದಿಗೆ ನೀರಿನ ಒಲವು, ಇನ್ನೊಂದು ಬದಿಗೆ ಜಿಡ್ಡಿನ ಒಲವು ಇರುವುದರಿಂದ ಈ ಕೆಲಸ ಸಾಧ್ಯ. ಅದಿಲ್ಲದೆ ಕೊಬ್ಬು, ಕೊಲೆಸ್ಟ್ರಾಲ್, ಎ, ಡಿ, ಇ, ಕೆ ಜೀವಸತ್ವಗಳು ಸರಿಯಾಗಿ ಒಳಸೇರುವುದಿಲ್ಲ.

ಈ ಸೋಪನ್ನು ಲಿವರ್ ಮಾಡುವುದು ಕೊಲೆಸ್ಟ್ರಾಲಿನಿಂದಲೇ. ನಮ್ಮ ದೇಹ ಸಕ್ಕರೆಯನ್ನು ಉರಿಸಿ ಮುಗಿಸಬಲ್ಲದು, ಕೊಬ್ಬನ್ನೂ ಉರಿಸಬಲ್ಲದು. ಕೊಲೆಸ್ಟ್ರಾಲಿನ ಉಂಗುರಗಳನ್ನು ಮಾತ್ರ ಒಡೆಯಲಾರದು. ಹಾಗಾಗಿ ಹೆಚ್ಚಿನದನ್ನು ಹೊರಹಾಕಬೇಕೆಂದರೆ ಬಹುಮಟ್ಟಿಗೆ ಎರಡೇ ದಾರಿ: ಕೊಲೆಸ್ಟ್ರಾಲನ್ನು ಇದ್ದಂತೆಯೇ ಪಿತ್ತರಸದಲ್ಲಿ ಬಿಡಬೇಕು, ಇಲ್ಲವೇ ಪಿತ್ತಾಮ್ಲವಾಗಿ ಬದಲಿಸಿ ಬಿಡಬೇಕು. ಎರಡೂ ಕರುಳಿನ ಮೂಲಕವೇ ಹಾದುಹೋಗಬೇಕು. ಬ್ಯಾಕ್ಟೀರಿಯಗಳು ಈ ಕಥೆಯೊಳಗೆ ಬರುವುದೂ ಅಲ್ಲೇ.

## ಹಾಲಿನ ಕ್ಯಾನಿನ ಲೆಕ್ಕ

ಹಳ್ಳಿಯ ಹಾಲಿನ ಡೇರಿಯಿಂದ ತುಂಬಿದ ಕ್ಯಾನು ಹೋಗುತ್ತದೆ, ಖಾಲಿ ಕ್ಯಾನು ವಾಪಸು ಬರುತ್ತದೆ. ದಿನಾ ಹೊಸ ಕ್ಯಾನು ಕೊಳ್ಳುವವರು ಯಾರೂ ಇಲ್ಲ. ಕಳೆದುಹೋದಷ್ಟನ್ನು ಮಾತ್ರ ಹೊಸದಾಗಿ ತರಬೇಕು. ಪಿತ್ತಾಮ್ಲದ ವ್ಯವಹಾರವೂ ಹೀಗೆಯೇ.

ದೇಹದಲ್ಲಿ ಒಟ್ಟು ಪಿತ್ತಾಮ್ಲ ಇರುವುದು ಸುಮಾರು 3 ಗ್ರಾಂ. ಲಿವರ್‌ನಿಂದ ಹೊರಟು, ಕರುಳು ಹಾದು, ರಕ್ತದ ಮೂಲಕ ಮತ್ತೆ ಲಿವರ್ ಸೇರುವ ಒಂದು ಸುತ್ತನ್ನು ಅದು ದಿನಕ್ಕೆ ಹಲವು ಬಾರಿ ಮುಗಿಸುತ್ತದೆ. ಆರು ಸುತ್ತು ಎಂದಿಟ್ಟುಕೊಂಡರೆ ದಿನಕ್ಕೆ 18 ಗ್ರಾಂ ಪಿತ್ತಾಮ್ಲ ಕರುಳಿಗೆ ಇಳಿದಂತಾಯಿತು. ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್‌ನಲ್ಲಿ ಅದನ್ನು ಹಿಡಿದು ಒಳಗೆಳೆದುಕೊಳ್ಳುವ ವಿಶೇಷ ಸಾಗಣೆ ಪ್ರೋಟೀನುಗಳಿವೆ. ಇಳಿದದ್ದರಲ್ಲಿ 95 ಶೇಕಡಕ್ಕೂ ಹೆಚ್ಚು ವಾಪಸಾಗುತ್ತದೆ. ಮಲದಲ್ಲಿ ಹೋಗುವುದು ದಿನಕ್ಕೆ ಹತ್ತಿರ ಹತ್ತಿರ ಅರ್ಧ ಗ್ರಾಂ. ಅಷ್ಟನ್ನೇ ಲಿವರ್ ಕೊಲೆಸ್ಟ್ರಾಲಿನಿಂದ ಹೊಸದಾಗಿ ಮಾಡಿ ತುಂಬುತ್ತದೆ.

ಈಗ ಆ ಸೋರಿಕೆಯನ್ನು ದುಪ್ಪಟ್ಟು ಮಾಡಿದರೆ ಏನಾಗುತ್ತದೆ ನೋಡೋಣ. ಲಿವರ್ ದಿನಕ್ಕೆ ಅರ್ಧ ಗ್ರಾಂನಷ್ಟು ಕೊಲೆಸ್ಟ್ರಾಲನ್ನು ಹೆಚ್ಚುವರಿಯಾಗಿ ಖರ್ಚು ಮಾಡಬೇಕು. ಎಲ್‌ಡಿಎಲ್ 140 ಇರುವ ಒಬ್ಬರನ್ನು ತೆಗೆದುಕೊಳ್ಳಿ. 140 ಎಂದರೆ ಒಂದು ಡೆಸಿಲೀಟರ್ ರಕ್ತದ್ರವದಲ್ಲಿ 140 ಮಿಲಿಗ್ರಾಂ. ರಕ್ತದ್ರವ ಒಟ್ಟು 3 ಲೀಟರ್ ಇದ್ದರೆ ಎಲ್‌ಡಿಎಲ್ ಕಣಗಳಲ್ಲಿರುವ ಕೊಲೆಸ್ಟ್ರಾಲ್ 4.2 ಗ್ರಾಂ. ದಿನಕ್ಕೆ ಅರ್ಧ ಗ್ರಾಂ ಅದರಿಂದಲೇ ತೆಗೆದರೆ ಒಂಬತ್ತು ದಿನದಲ್ಲಿ ಖಾಲಿಯಾಗಬೇಕಿತ್ತು!

ಆಗುವುದಿಲ್ಲ, ಏಕೆಂದರೆ ಲಿವರ್‌ಗೆ ಕೊಲೆಸ್ಟ್ರಾಲ್ ಸಿಗುವುದು ಎರಡು ಕಡೆಯಿಂದ. ಮೊದಲನೆಯದು, ತನ್ನ ಹೊರಮೈಯಲ್ಲಿ ಎಲ್‌ಡಿಎಲ್ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಳೆದುಕೊಳ್ಳುವುದು. (ಈ ಗ್ರಾಹಕಗಳನ್ನು ಕಂಡುಹಿಡಿದು ಕೊಲೆಸ್ಟ್ರಾಲ್ ನಿಯಂತ್ರಣವನ್ನು ವಿವರಿಸಿದ್ದಕ್ಕೆ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಬಂತು.) ಎರಡನೆಯದು, ತಾನೇ ಹೊಸ ಕೊಲೆಸ್ಟ್ರಾಲ್ ತಯಾರಿಸುವುದು. ಸೋರಿಕೆ ಹೆಚ್ಚಾದಾಗ ಲಿವರ್ ಎರಡನ್ನೂ ಒಟ್ಟಿಗೆ ಶುರು ಮಾಡುತ್ತದೆ. ಹೀಗಾಗಿ ಎಲ್‌ಡಿಎಲ್ ಇಳಿಯುತ್ತದೆ, ಆದರೆ ನಮ್ಮ ಲೆಕ್ಕ ಹೇಳಿದಷ್ಟು ಇಳಿಯುವುದಿಲ್ಲ. ಸ್ಟ್ಯಾಟಿನ್ ಮಾತ್ರೆ ತಡೆಯುವುದು ಈ ಎರಡನೆಯ ದಾರಿಯನ್ನು. ಸೋರಿಕೆ ಹೆಚ್ಚಿಸುವ ಔಷಧವನ್ನು ಸ್ಟ್ಯಾಟಿನ್ ಜೊತೆ ಕೊಟ್ಟಾಗ ಎರಡರ ಫಲವೂ ಕೂಡಿಕೊಳ್ಳುವುದು ಇದೇ ಕಾರಣಕ್ಕೆ.

## ಮನುಷ್ಯರಲ್ಲಿ ಇದು ರುಜುವಾತಾದದ್ದು

ಬ್ಯಾಕ್ಟೀರಿಯಗಳ ಮಾತಿಗೆ ಬರುವ ಮುಂಚೆ ಒಂದನ್ನು ಖಚಿತ ಮಾಡಿಕೊಳ್ಳಬೇಕು. ಪಿತ್ತಾಮ್ಲದ ವಾಪಸಾತಿಯನ್ನು ತಡೆದರೆ ಎಲ್‌ಡಿಎಲ್ ಇಳಿಯುತ್ತದೆ ಎಂಬುದು ಊಹೆಯಲ್ಲ.

ಕೊಲೆಸ್ಟಿರಮೈನ್ ಎಂಬ ಹಳೆಯ ಪುಡಿಮದ್ದು ಕರುಳಿನಲ್ಲೇ ಉಳಿದು ಪಿತ್ತಾಮ್ಲವನ್ನು ಅಂಟಿಸಿಕೊಂಡು ಮಲದಲ್ಲಿ ಹೋಗುತ್ತದೆ. ತಾನು ರಕ್ತಕ್ಕೆ ಸೇರುವುದೇ ಇಲ್ಲ. ಅಮೆರಿಕದಲ್ಲಿ 3,806 ಗಂಡಸರ ಮೇಲೆ ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ನಡೆದು 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಪುಡಿ ತೆಗೆದುಕೊಂಡವರ ಎಲ್‌ಡಿಎಲ್ ಮದ್ದಿಲ್ಲದ ಸಪ್ಪೆಪುಡಿ ತೆಗೆದುಕೊಂಡವರಿಗಿಂತ 12.6 ಶೇಕಡ ಹೆಚ್ಚು ಇಳಿಯಿತು. ಹೃದಯಾಘಾತ ಮತ್ತು ಹೃದಯದ ರಕ್ತನಾಳದ ಕಾಯಿಲೆಯಿಂದಾದ ಸಾವು ಒಟ್ಟಾಗಿ 19 ಶೇಕಡ ಕಡಿಮೆಯಾದವು. ನಿಗದಿಯಾಗಿದ್ದ ಪ್ರಮಾಣ ದಿನಕ್ಕೆ 24 ಗ್ರಾಂ. ಮರಳಿನಂಥ ಪುಡಿ, ಹೊಟ್ಟೆಯುಬ್ಬರ, ಮಲಬದ್ಧತೆ. ಪೂರ್ತಿ ಪ್ರಮಾಣ ತೆಗೆದುಕೊಳ್ಳಲು ಬಹಳ ಮಂದಿಗೆ ಆಗಲಿಲ್ಲ. ತೆಗೆದುಕೊಂಡವರಲ್ಲಿ ಇಳಿಕೆ ಇನ್ನೂ ದೊಡ್ಡದಿತ್ತು.

ಇನ್ನೂ ನೇರವಾದ ಸಾಕ್ಷಿ 1990ರಲ್ಲಿ ಬಂತು. ಒಮ್ಮೆ ಹೃದಯಾಘಾತವಾಗಿದ್ದ 838 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿ ಆಹಾರ ಇಲಿಯಮ್‌ನ ಕೊನೆಯ ಭಾಗ ಮುಟ್ಟದಂತೆ ಬಳಸುದಾರಿ ಹಾಕಿದರು. ಅವರ ಎಲ್‌ಡಿಎಲ್ ಉಳಿದವರಿಗಿಂತ ಸುಮಾರು 38 ಶೇಕಡ ಕಡಿಮೆಯಾಯಿತು. ಭೇದಿಯೂ ಅವರನ್ನು ಬಿಡಲಿಲ್ಲ, ಏಕೆಂದರೆ ವಾಪಸಾಗದ ಪಿತ್ತಾಮ್ಲ ದೊಡ್ಡ ಕರುಳಿಗೆ ಇಳಿದರೆ ಅಲ್ಲಿ ನೀರು ಎಳೆಯುತ್ತದೆ.

## ಬ್ಯಾಕ್ಟೀರಿಯ ಮಾಡುವ ಮೊದಲ ಕೆಲಸ: ಬಾಲ ಕತ್ತರಿಸುವುದು

ಲಿವರ್ ಪಿತ್ತಾಮ್ಲವನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಪ್ರತಿ ಅಣುವಿಗೂ ಗ್ಲೈಸಿನ್ ಅಥವಾ ಟಾರಿನ್ ಎಂಬ ಪುಟ್ಟ ಬಾಲ ಜೋಡಿಸುತ್ತದೆ. ಬಾಲವಿದ್ದರೆ ಅಣು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕೊಬ್ಬನ್ನು ಚೆನ್ನಾಗಿ ಒಡೆಯುತ್ತದೆ. ಇಲಿಯಮ್‌ನ ಸಾಗಣೆ ಪ್ರೋಟೀನು ಗುರುತಿಸಿ ಹಿಡಿಯುವುದೂ ಮುಖ್ಯವಾಗಿ ಬಾಲವಿರುವ ಅಣುವನ್ನೇ.

ಕರುಳಿನ ಹಲವು ಬ್ಯಾಕ್ಟೀರಿಯಗಳಲ್ಲಿ ಬೈಲ್ ಸಾಲ್ಟ್ ಹೈಡ್ರೊಲೇಸ್ ಎಂಬ ಕಿಣ್ವವಿದೆ. ಸುಲಭಕ್ಕೆ ಅದನ್ನು ಕತ್ತರಿ ಎನ್ನೋಣ. ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡಿಸ್ ಗುಂಪುಗಳ ಅನೇಕ ತಳಿಗಳಿಗೆ ಇದು ಸಹಜವಾಗಿ ಬಂದಿರುವುದು. ಅದು ಬಾಲವನ್ನು ಕತ್ತರಿಸಿದ ಮೇಲೆ ಪಿತ್ತಾಮ್ಲದ ಸೋಪುಗುಣ ಕುಗ್ಗುತ್ತದೆ, ಜೊತೆಗೆ ಕೊಲೆಸ್ಟ್ರಾಲ್ ಒಳಸೇರುವುದೂ ಸ್ವಲ್ಪ ಕಡಿಮೆಯಾಗಬಹುದು. ಸಾಗಣೆ ಪ್ರೋಟೀನಿನ ಹಿಡಿತಕ್ಕೆ ಸುಲಭವಾಗಿ ಸಿಗದ ಒಂದಷ್ಟು ಅಣುಗಳು ದೊಡ್ಡ ಕರುಳಿಗೆ ಇಳಿಯುತ್ತವೆ. ಇಳಿದದ್ದೆಲ್ಲ ಮಲಕ್ಕೆ ಹೋಯಿತು ಎಂದುಕೊಳ್ಳಬೇಡಿ. ಬಾಲವಿಲ್ಲದ ಅಣು ಜಿಡ್ಡಿಗೆ ಹತ್ತಿರವಾದ್ದರಿಂದ ಯಾವ ಸಹಾಯವೂ ಇಲ್ಲದೆ ಕರುಳಗೋಡೆಯ ಮೂಲಕ ಇಂಗಿ ವಾಪಸಾಗುವುದೂ ಉಂಟು. ಕತ್ತರಿಯ ಫಲ ನಾವು ಬಯಸಿದಷ್ಟು ದೊಡ್ಡದಾಗದಿರಲು ಇದೊಂದು ಕಾರಣ.

## ಎರಡನೆಯ ಕೆಲಸ: ಅಣುವನ್ನೇ ಬದಲಿಸುವುದು

ಬಾಲ ಹೋದ ಅಣುವನ್ನು ಇನ್ನೂ ಮುಂದಕ್ಕೆ ಬದಲಿಸಬಲ್ಲ ಬ್ಯಾಕ್ಟೀರಿಯ ಬೆರಳೆಣಿಕೆಯಷ್ಟು. ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಅವುಗಳಲ್ಲಿ ಹೆಚ್ಚು ಅಧ್ಯಯನವಾದದ್ದು. ಲಿವರ್ ಮಾಡುವ ಎರಡು ಮೂಲ ಪಿತ್ತಾಮ್ಲಗಳೆಂದರೆ ಕೋಲಿಕ್ ಮತ್ತು ಕೀನೊಡಿಯಾಕ್ಸಿಕೋಲಿಕ್. ಬ್ಯಾಕ್ಟೀರಿಯ ಮೊದಲನೆಯದನ್ನು ಡಿಯಾಕ್ಸಿಕೋಲಿಕ್ ಆಮ್ಲವಾಗಿಯೂ ಎರಡನೆಯದನ್ನು ಲಿಥೋಕೋಲಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಲಿಥೋಕೋಲಿಕ್ ಕರಗುವುದೇ ಕಷ್ಟ, ಬಹುಪಾಲು ಹೊರಹೋಗುತ್ತದೆ. ಡಿಯಾಕ್ಸಿಕೋಲಿಕ್ ಮಾತ್ರ ದೊಡ್ಡ ಕರುಳಿನಿಂದ ರಕ್ತ ಸೇರಿ ಲಿವರ್‌ಗೆ ಮರಳಿ, ಸುತ್ತಾಟದ ಭಾಗವೇ ಆಗಿಬಿಡುತ್ತದೆ. ನಮ್ಮ ಪಿತ್ತರಸದಲ್ಲಿ ಒಂದು ಪಾಲು ಬ್ಯಾಕ್ಟೀರಿಯದ ಕೈಕೆಲಸ ಎಂದರೆ ಉತ್ಪ್ರೇಕ್ಷೆಯಲ್ಲ.

ಮನುಷ್ಯರಲ್ಲಿ ಇದನ್ನು ತೋರಿಸಿದ ಪ್ರಯೋಗ ಚಿಕ್ಕದು, ಆದರೆ ಅಚ್ಚುಕಟ್ಟಾದದ್ದು. ಆಮ್‌ಸ್ಟರ್‌ಡ್ಯಾಂನ ಸಂಶೋಧಕರು ಬೊಜ್ಜಿದ್ದ 20 ಗಂಡಸರಲ್ಲಿ ಕೆಲವರಿಗೆ ವ್ಯಾಂಕೊಮೈಸಿನ್, ಕೆಲವರಿಗೆ ಅಮಾಕ್ಸಿಸಿಲಿನ್ ಅನ್ನು ಏಳು ದಿನ ಬಾಯಿಯ ಮೂಲಕ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವ್ಯಾಂಕೊಮೈಸಿನ್ ತೆಗೆದುಕೊಂಡವರ ಮಲದಲ್ಲಿ ಬ್ಯಾಕ್ಟೀರಿಯ ಮಾರ್ಪಡಿಸಿದ ಪಿತ್ತಾಮ್ಲ ಕುಸಿದು, ಲಿವರ್ ಮಾಡಿದ ಮೂಲ ರೂಪಗಳು ಹೆಚ್ಚಿದವು. ಅಮಾಕ್ಸಿಸಿಲಿನ್ ಗುಂಪಿನಲ್ಲಿ ಹಾಗಾಗಲಿಲ್ಲ. ಯಾವ ಬ್ಯಾಕ್ಟೀರಿಯ ಸತ್ತವು ಎಂಬುದರ ಮೇಲೆ ಪಿತ್ತಾಮ್ಲದ ಬೆರಕೆ ನಿಂತಿದೆ ಎಂದಾಯಿತು.

## ಈ ಬೆರಕೆಯಿಂದ ಕೊಲೆಸ್ಟ್ರಾಲಿಗೆ ಏನು?

ಪಿತ್ತಾಮ್ಲ ಸೋಪು ಮಾತ್ರವಲ್ಲ, ಸುದ್ದಿಯನ್ನೂ ಒಯ್ಯುತ್ತದೆ. ವಾಪಸು ಬಂದ ಕ್ಯಾನುಗಳನ್ನು ಎಣಿಸಲು ಇಲಿಯಮ್‌ನ ಜೀವಕೋಶಗಳಲ್ಲಿ ಒಬ್ಬ ಗುಮಾಸ್ತನಿದ್ದಾನೆ; ಎಫ್‌ಎಕ್ಸ್‌ಆರ್ ಎಂಬ ಪ್ರೋಟೀನು. ಪಿತ್ತಾಮ್ಲ ಸಾಕಷ್ಟು ಬಂದು ಅದನ್ನು ಮುಟ್ಟಿದರೆ, ಆ ಜೀವಕೋಶ ಎಫ್‌ಜಿಎಫ್19 ಎಂಬ ಹಾರ್ಮೋನನ್ನು ರಕ್ತದ ಮೂಲಕ ಲಿವರ್‌ಗೆ ಕಳಿಸುತ್ತದೆ. ‘ಸರಕು ಸಾಕಷ್ಟಿದೆ, ಹೊಸದು ಬೇಡ’ ಎಂಬ ಸುದ್ದಿ ಅದು. ಲಿವರ್ ಕೊಲೆಸ್ಟ್ರಾಲನ್ನು ಪಿತ್ತಾಮ್ಲವಾಗಿ ಬದಲಿಸುವ ಕೆಲಸವನ್ನು ನಿಧಾನಿಸುತ್ತದೆ. ಸುದ್ದಿ ಬರದಿದ್ದರೆ ಕೆಲಸ ಚುರುಕಾಗುತ್ತದೆ, ಕೊಲೆಸ್ಟ್ರಾಲ್ ಹೆಚ್ಚು ಖರ್ಚಾಗುತ್ತದೆ.

ಎಲ್ಲ ಪಿತ್ತಾಮ್ಲವೂ ಈ ಗುಮಾಸ್ತನನ್ನು ಒಂದೇ ಜೋರಿನಲ್ಲಿ ಎಬ್ಬಿಸುವುದಿಲ್ಲ. ಕೀನೊಡಿಯಾಕ್ಸಿಕೋಲಿಕ್ ಬಲವಾಗಿ, ಡಿಯಾಕ್ಸಿಕೋಲಿಕ್ ಅದಕ್ಕಿಂತ ಕಡಿಮೆಯಾಗಿ, ಕೋಲಿಕ್ ಎಲ್ಲಕ್ಕಿಂತ ದುರ್ಬಲವಾಗಿ. ಬ್ಯಾಕ್ಟೀರಿಯ ಬೆರಕೆಯನ್ನು ಬದಲಿಸಿದಾಗ ಸುದ್ದಿಯ ಜೋರೂ ಬದಲಾಗುತ್ತದೆ. ಕರುಳಿನಲ್ಲಿರುವ ಜೀವಿ ಲಿವರ್ ಕೆಲಸಕ್ಕೆ ಕೈಹಾಕುವುದು ಹೀಗೆ.

ಈ ಸುದ್ದಿಯನ್ನು ಔಷಧದಿಂದ ಜೋರು ಮಾಡಿದರೆ ಏನಾಗುತ್ತದೆ ಎಂದು ಗೊತ್ತಿದೆ. ಒಬೆಟಿಕೋಲಿಕ್ ಆಮ್ಲ ಎಂಬ ಮಾತ್ರೆ ಎಫ್‌ಎಕ್ಸ್‌ಆರ್ ಅನ್ನು ಬಲವಾಗಿ ಎಬ್ಬಿಸುತ್ತದೆ. ಕೊಬ್ಬಿನ ಲಿವರ್ ಇದ್ದವರಿಗೆ ಅದನ್ನು ಕೊಟ್ಟ ಪ್ರಯೋಗಗಳಲ್ಲಿ ಲಿವರ್ ಸುಧಾರಿಸಿದರೂ ಎಲ್‌ಡಿಎಲ್ ಏರಿತು.

## ಇಲಿಗೆ ಒಂದು ನ್ಯಾಯ, ಮನುಷ್ಯನಿಗೆ ಇನ್ನೊಂದು

ಪತ್ರಿಕೆಗಳಲ್ಲಿ ಬರುವ ಹೆಚ್ಚಿನ ಸುದ್ದಿ ಇಲಿಗಳದ್ದು. ಅವನ್ನು ಓದುವಾಗ ಎಡವುವುದು ಇಲ್ಲೇ. ಇಲಿಯ ಲಿವರ್ ಮ್ಯೂರಿಕೋಲಿಕ್ ಎಂಬ ಬೇರೊಂದು ಪಿತ್ತಾಮ್ಲ ಮಾಡುತ್ತದೆ. ಟಾರಿನ್ ಬಾಲವಿರುವ ಅದರ ಒಂದು ರೂಪ ಎಫ್‌ಎಕ್ಸ್‌ಆರ್ ಅನ್ನು ಎಬ್ಬಿಸುವ ಬದಲು ಅದರ ಬಾಯಿ ಕಟ್ಟುತ್ತದೆ. ಹುಟ್ಟಿನಿಂದ ಬ್ಯಾಕ್ಟೀರಿಯವೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಇದು ತುಂಬಿಕೊಂಡಿರುತ್ತದೆ. ಬ್ಯಾಕ್ಟೀರಿಯ ಸೇರಿಸಿದರೆ ಅವು ಇದನ್ನು ಒಡೆಯುತ್ತವೆ, ಗುಮಾಸ್ತನಿಗೆ ಮಾತು ಬರುತ್ತದೆ, ಪಿತ್ತಾಮ್ಲ ತಯಾರಿಕೆ ತಗ್ಗುತ್ತದೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಸ್ಪಷ್ಟವಾಗಿ ತೋರಿಸಿದರು.

ಮನುಷ್ಯರು ಮ್ಯೂರಿಕೋಲಿಕ್ ಆಮ್ಲವನ್ನು ಹೀಗೆ ತಯಾರಿಸುವುದಿಲ್ಲ. ಹಾಗಾಗಿ ಇಲಿಯಲ್ಲಿ ಒಂದು ಬ್ಯಾಕ್ಟೀರಿಯ ಕೊಲೆಸ್ಟ್ರಾಲ್ ಇಳಿಸಿತು ಎಂದ ಮಾತ್ರಕ್ಕೆ ನಮ್ಮಲ್ಲೂ ಇಳಿಸೀತು ಎನ್ನಲಾಗದು. ಸುದ್ದಿಯಲ್ಲಿ ಪ್ರಯೋಗ ಯಾರ ಮೇಲೆ ನಡೆಯಿತು ಎಂದು ಮೊದಲು ಹುಡುಕಿ.

## ಮೂರನೆಯ ದಾರಿಯೊಂದಿದೆ

ಪಿತ್ತಾಮ್ಲವನ್ನು ಮುಟ್ಟದೆ ಕೊಲೆಸ್ಟ್ರಾಲನ್ನೇ ಹಿಡಿಯುವ ಬ್ಯಾಕ್ಟೀರಿಯಗಳೂ ಇವೆ. ಪಿತ್ತರಸದ ಮೂಲಕ ಕರುಳಿಗೆ ದಿನಕ್ಕೆ ಸುಮಾರು ಒಂದು ಗ್ರಾಂ ಕೊಲೆಸ್ಟ್ರಾಲ್ ಬೀಳುತ್ತದೆ. ಊಟದಿಂದ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಇದರಲ್ಲಿ ಅರ್ಧದಷ್ಟು ಮತ್ತೆ ಒಳಸೇರುತ್ತದೆ. ಕೆಲವು ಬ್ಯಾಕ್ಟೀರಿಯ ಇದನ್ನು ಕೊಪ್ರೊಸ್ಟನಾಲ್ ಎಂಬ ವಸ್ತುವಾಗಿ ಬದಲಿಸುತ್ತವೆ. ಕರುಳು ಅದನ್ನು ಹೀರಿಕೊಳ್ಳುವುದು ತೀರ ಕಡಿಮೆ, ನೇರ ಮಲಕ್ಕೆ ಹೋಗುತ್ತದೆ. ಈ ಬದಲಾವಣೆಗೆ ಬೇಕಾದ ಒಂದು ವಂಶವಾಹಿಯನ್ನು 2020ರಲ್ಲಿ ಅಮೆರಿಕದ ಸಂಶೋಧಕರು ಗುರುತಿಸಿದರು. ಅಂಥ ಬ್ಯಾಕ್ಟೀರಿಯ ಇದ್ದವರ ಮಲದಲ್ಲೂ ರಕ್ತದಲ್ಲೂ ಕೊಲೆಸ್ಟ್ರಾಲ್ ಕಡಿಮೆಯಿತ್ತು. ಜೊತೆಗಿತ್ತು ಎಂದಷ್ಟೇ ಇದರ ಅರ್ಥ. ಅದನ್ನು ಕೊಟ್ಟು ಇಳಿಸಿ ತೋರಿಸಿದ್ದಲ್ಲ.

## ಹಾಗಾದರೆ ಎಷ್ಟು?

ನೆದರ್‌ಲ್ಯಾಂಡ್ಸ್‌ನಲ್ಲಿ 893 ಮಂದಿಯ ಕರುಳ ಬ್ಯಾಕ್ಟೀರಿಯ ಮತ್ತು ರಕ್ತದ ಕೊಬ್ಬನ್ನು ಹೋಲಿಸಿದ 2015ರ ಅಧ್ಯಯನ ಇದಕ್ಕೆ ಒಳ್ಳೆಯ ಅಳತೆಗೋಲು. ವಯಸ್ಸು, ಗಂಡು-ಹೆಣ್ಣು, ವಂಶವಾಹಿಗಳ ಪಾಲನ್ನು ಬದಿಗಿಟ್ಟ ಮೇಲೆ, ಜನರ ನಡುವಿನ ಟ್ರೈಗ್ಲಿಸರೈಡ್ ವ್ಯತ್ಯಾಸದಲ್ಲಿ ಸುಮಾರು 6 ಶೇಕಡವನ್ನೂ ಎಚ್‌ಡಿಎಲ್ ವ್ಯತ್ಯಾಸದಲ್ಲಿ 4 ಶೇಕಡವನ್ನೂ ಬ್ಯಾಕ್ಟೀರಿಯಗಳಿಂದ ವಿವರಿಸಬಹುದಿತ್ತು. ಎಲ್‌ಡಿಎಲ್ ಜೊತೆಗಿನ ನಂಟು ಬಹಳ ತೆಳು. ಎಲ್‌ಡಿಎಲ್ ಇಳಿಸಲು ಪ್ರೊಬಯಾಟಿಕ್ ಹುಡುಕುವವರು ನೆನಪಿಡಬೇಕಾದ ಮಾತಿದು.

ತಳಿ ಸರಿಯಾಗಿದ್ದರೆ ಫಲ ಕಾಣುವುದೂ ಉಂಟು. ಕತ್ತರಿ ಕಿಣ್ವ ಚುರುಕಾಗಿರುವ ಲ್ಯಾಕ್ಟೊಬ್ಯಾಸಿಲಸ್ ರಾಯ್ಟರಿಯ ಒಂದು ನಿರ್ದಿಷ್ಟ ತಳಿಯನ್ನು ಒಂಬತ್ತು ವಾರ ಕೊಟ್ಟ 2012ರ ಪ್ರಯೋಗದಲ್ಲಿ ಎಲ್‌ಡಿಎಲ್ ಸಪ್ಪೆ ಕ್ಯಾಪ್ಸೂಲಿನ ಗುಂಪಿಗಿಂತ ಸುಮಾರು 11.6 ಶೇಕಡ ಇಳಿಯಿತು, ರಕ್ತದಲ್ಲಿ ಬಾಲವಿಲ್ಲದ ಪಿತ್ತಾಮ್ಲ ಏರಿತು. ಕತ್ತರಿ ಕೆಲಸ ಮಾಡಿದ್ದಕ್ಕೆ ಅದು ಗುರುತು. ಆದರೆ ಆ ಫಲ ಆ ತಳಿಯದು. ಅದೇ ಹೆಸರಿನ ಇನ್ನೊಂದು ತಳಿಗೆ ಈ ಗುಣ ಇಲ್ಲದಿರಬಹುದು. ಡಬ್ಬಿಯ ಮೇಲೆ ಬ್ಯಾಕ್ಟೀರಿಯದ ಹೆಸರಿನ ಮುಂದೆ ತಳಿಯ ಅಕ್ಷರ-ಸಂಖ್ಯೆ ಇಲ್ಲದಿದ್ದರೆ ಯಾವ ಪ್ರಯೋಗದ ಫಲವನ್ನೂ ಅದಕ್ಕೆ ಹೊಂದಿಸಲು ಬರುವುದಿಲ್ಲ.

ಮೊಸರು ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಮೊಸರು ಒಳ್ಳೆಯ ಆಹಾರ. ಆದರೆ ಹಾಲಿನಲ್ಲಿ ಬೆಳೆದು ಬಂದ ಬ್ಯಾಕ್ಟೀರಿಯಗಳಿಗೆ ಪಿತ್ತವನ್ನು ಎದುರಿಸುವ ಪ್ರಮೇಯವೇ ಬಂದಿಲ್ಲ. ಕರುಳಿನಲ್ಲಿ ನೆಲೆಸಿದವುಗಳಲ್ಲಿ ಸಾಮಾನ್ಯವಾದ ಈ ಕತ್ತರಿ ಅವುಗಳಲ್ಲಿ ಅಪರೂಪ.

ಕತ್ತರಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೂ ಹೇಳಲಾಗದು. ಬಾಲ ಕತ್ತರಿಸಿದ ಪಿತ್ತಾಮ್ಲವೇ ಡಿಯಾಕ್ಸಿಕೋಲಿಕ್ ಆಮ್ಲಕ್ಕೆ ಕಚ್ಚಾ ಸರಕು. ಅದು ದೀರ್ಘಕಾಲ ಹೆಚ್ಚಿದ್ದರೆ ದೊಡ್ಡ ಕರುಳಿನ ಒಳಪದರಕ್ಕೆ ಹಾನಿ ಮಾಡಬಹುದು ಎಂಬ ಆತಂಕ ಹಳೆಯದು, ಪಿತ್ತಕೋಶದ ಕಲ್ಲಿನೊಂದಿಗೂ ಅದರ ನಂಟು ಕಂಡಿದೆ.

## ಇಸಬ್‌ಗೋಲ್, ಓಟ್ಸ್ ಮತ್ತು ಮುಂದಿನ ರಕ್ತಪರೀಕ್ಷೆ

ಸೋರಿಕೆ ಹೆಚ್ಚಿಸಲು ಮನೆಯಲ್ಲೇ ಸಿಗುವ, ಪುರಾವೆ ಗಟ್ಟಿಯಿರುವ ವಸ್ತು ಇಸಬ್‌ಗೋಲ್ ಹೊಟ್ಟು. ನೀರಿನಲ್ಲಿ ಲೋಳೆಯಾಗುವ ಇದು ಪಿತ್ತಾಮ್ಲವನ್ನು ತನ್ನೊಳಗೆ ಸಿಕ್ಕಿಸಿಕೊಂಡು ಹೊರಡುತ್ತದೆ. ಬ್ಯಾಕ್ಟೀರಿಯ ಇದನ್ನು ಹುದುಗಿಸುವುದು ಬಹಳ ಕಡಿಮೆ, ಅಂದರೆ ಇದರ ಕೆಲಸಕ್ಕೆ ಅವುಗಳ ನೆರವು ಬೇಕಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ದಿನಕ್ಕೆ ಸುಮಾರು 10 ಗ್ರಾಂನಿಂದ ಎಲ್‌ಡಿಎಲ್ ಡೆಸಿಲೀಟರಿಗೆ ಸರಾಸರಿ 13 ಮಿಲಿಗ್ರಾಂನಷ್ಟು ಇಳಿದಿದೆ. ಎರಡು ಹೊತ್ತಿಗೆ 5 ಗ್ರಾಂನಂತೆ, ಪ್ರತಿ ಸಲ ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿದ ಕೂಡಲೇ ಕುಡಿಯಬೇಕು. ನೀರು ಸಾಲದಿದ್ದರೆ ಗಂಟಲಲ್ಲೋ ಕರುಳಲ್ಲೋ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ತೊಂದರೆ ಇರುವವರು ಇದನ್ನು ಮುಟ್ಟಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ.

ಓಟ್ಸ್‌ನ ಬೀಟಾ-ಗ್ಲೂಕನ್ ನಾರು ಲೋಳೆಯಾಗಿ ಪಿತ್ತಾಮ್ಲವನ್ನು ಹಿಡಿಯುತ್ತದೆ, ಮುಂದೆ ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಕ್ಕೆ ಆಹಾರವೂ ಆಗುತ್ತದೆ. ದಿನಕ್ಕೆ ಬೇಕಾದ್ದು 3 ಗ್ರಾಂ, ಅಂದರೆ ಸುಮಾರು 75 ಗ್ರಾಂ ಒಣ ಓಟ್ಸ್. ಎರಡು ಚಮಚ ಹಾಲಿಗೆ ಉದುರಿಸಿಕೊಂಡರೆ ಈ ಲೆಕ್ಕ ತುಂಬದು. ರಾಗಿಯಲ್ಲಿ ನಾರು ಧಾರಾಳವಾಗಿದೆ, ಆದರೆ ಬಹುಪಾಲು ನೀರಿನಲ್ಲಿ ಕರಗದ ಬಗೆಯದು. ಮುದ್ದೆಗೆ ಬೇರೆ ಗುಣಗಳಿವೆ, ಈ ಕೆಲಸವನ್ನು ಅದರಿಂದ ನಿರೀಕ್ಷಿಸಬಾರದು.

ಡಾಕ್ಟರು ಕೊಲೆಸ್ಟಿರಮೈನ್ ಬರೆದುಕೊಟ್ಟಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಥೈರಾಯ್ಡ್ ಮಾತ್ರೆ, ವಾರ್ಫರಿನ್ ಮುಂತಾದವನ್ನೂ ಅದು ಅಂಟಿಸಿಕೊಂಡು ಹೋಗುತ್ತದೆ, ಆದ್ದರಿಂದ ಅವನ್ನು ಅದಕ್ಕಿಂತ ಒಂದು ಗಂಟೆ ಮೊದಲು ಇಲ್ಲವೇ ನಾಲ್ಕರಿಂದ ಆರು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಎಫ್‌ಎಕ್ಸ್‌ಆರ್ ಸುದ್ದಿ ತಗ್ಗಿದಾಗ ಲಿವರ್ ಟ್ರೈಗ್ಲಿಸರೈಡನ್ನು ಹೆಚ್ಚು ಹೊರಬಿಡುತ್ತದೆ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಎಂಬ ಜೋಡಿ ಭಾರತೀಯರಲ್ಲಿ ಸಾಮಾನ್ಯವಾದ್ದರಿಂದ ಈ ಔಷಧ ನಮ್ಮಲ್ಲಿ ಎಲ್ಲರಿಗೂ ಹೊಂದುವುದಿಲ್ಲ.

ಇವುಗಳಿಂದ ಫಲವಾಯಿತೇ ಎಂದು ತಿಳಿಯುವುದರಲ್ಲೂ ಮೋಸಹೋಗಬಹುದು. ಏನೂ ಬದಲಿಸದೆ ಇದ್ದರೂ ಒಬ್ಬರದೇ ಎಲ್‌ಡಿಎಲ್ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಏಳೆಂಟು ಶೇಕಡ ಆಚೀಚೆ ಆಗುತ್ತದೆ. ಕ್ಯಾಪ್ಸೂಲ್ ತೆಗೆದುಕೊಂಡ ಮೇಲೆ 140 ಇದ್ದದ್ದು 132 ಬಂದರೆ ಅದು ಕ್ಯಾಪ್ಸೂಲಿನದೋ ದಿನದ್ದೋ ಹೇಳಲಾಗದು. ಇನ್ನೊಂದು ತೊಡಕೂ ಇದೆ. ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರ ಅಳೆಯದೆ, ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆದು ಲೆಕ್ಕ ಹಾಕುತ್ತವೆ. ಹಿಂದಿನ ದಿನ ಮದುವೆಯೂಟ ಮಾಡಿ ಟ್ರೈಗ್ಲಿಸರೈಡ್ 150ರಿಂದ 250ಕ್ಕೆ ಏರಿದ್ದರೆ, ಉಳಿದೆರಡು ಹಾಗೇ ಇದ್ದರೂ, ಕಾಗದದ ಮೇಲೆ ಎಲ್‌ಡಿಎಲ್ 20 ಇಳಿದಿರುತ್ತದೆ. ಅದೇ ಲ್ಯಾಬಿನಲ್ಲಿ, ಶುರು ಮಾಡುವ ಮುಂಚೆ ಒಂದೆರಡು ವಾರದ ಅಂತರದಲ್ಲಿ ಎರಡು ಸಲ, ಎರಡು ಮೂರು ತಿಂಗಳ ನಂತರ ಮತ್ತೆ ಎರಡು ಸಲ ಪರೀಕ್ಷಿಸಿ, ಸರಾಸರಿಗಳನ್ನು ಹೋಲಿಸಿ. ಡಾಕ್ಟರು ಕೊಟ್ಟ ಸ್ಟ್ಯಾಟಿನ್ ಪ್ರಮಾಣವನ್ನು ಈ ಅವಧಿಯಲ್ಲಿ ಬದಲಿಸಿದರೆ ಈ ಹೋಲಿಕೆಗೆ ಅರ್ಥ ಉಳಿಯುವುದಿಲ್ಲ.